ಚೂಡಾಮಣಿ ಮೇಡಂ ಹಿಡಿದ ಕಳ್ಳ ಆಪ್

ಒಂಟಿಕೊಪ್ಪಲಿನ ಚೂಡಾಮಣಿ ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದವರು. ಅವರು ಮೇಲ್ವಿಚಾರಣೆಗೆ ನಿಂತ ಪರೀಕ್ಷಾ ಕೊಠಡಿಯಲ್ಲಿ ಮಕ್ಕಳು ಕತ್ತು ತಿರುಗಿಸಲೂ ಹೆದರುತ್ತಿದ್ದರು. ಹೆದರದೆ ಇದ್ದದ್ದು ಅವರ ಮೊಬೈಲಿನ ಬ್ಯಾಟರಿ ಒಂದೇ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಖಾಲಿ. ದಿನಾ ಆಡುವ ಪದಬಂಧದ ಆಪೇ ಕಳ್ಳ ಎಂದು ಅವರು ತೀರ್ಪು ಕೊಟ್ಟಾಗಿತ್ತು.

ತಂಗಿಯ ಮಗಳು ಮೈತ್ರೇಯಿ ಬ್ಯಾಟರಿಯದೊಂದು, ಯಾವ ಆಪ್ ಎಷ್ಟು ಹೊತ್ತು ತೆರೆದಿತ್ತೆಂದು ತೋರಿಸುವ ಸ್ಕ್ರೀನ್ ಟೈಮಿನದೊಂದು ಸ್ಕ್ರೀನ್‌ಶಾಟ್ ತರಿಸಿಕೊಂಡು ಫೋನು ಮಾಡಿದಳು.

"ದೊಡ್ಡಮ್ಮ, ಪದಬಂಧ ಒಂದು ಗಂಟೆ ಆಡಿದ್ರೂ ತಿಂದಿರೋದು ಆರೇ ಪರ್ಸೆಂಟು. ಹವಾಮಾನದ ಆಪ್ ನೋಡಿದ್ದು ಎರಡು ನಿಮಿಷ, ಅದು ತಿಂದಿರೋದು ಮೂವತ್ತೆಂಟು! ನೀವು ಮುಚ್ಚಿಟ್ರೂ ಹಿಂದಿನಿಂದ ನಿಮ್ಮ ಲೊಕೇಶನ್ ಹುಡುಕ್ತಾನೇ ಇದೆ."

ಅವಳು ಹೇಳಿದಂತೆ ಲೊಕೇಶನ್ನನ್ನು 'ಬಳಸುವಾಗ ಮಾತ್ರ' ಎಂದು ಬದಲಿಸಿದ್ದಾಯಿತು. ಒಂದು ವಾರ ಬಿಟ್ಟು ಹೊಸ ಸ್ಕ್ರೀನ್‌ಶಾಟ್‌ಗಳು ಬಂದವು. ಹವಾಮಾನದ ಆಪ್ ಎರಡು ಪರ್ಸೆಂಟಿಗೆ ಇಳಿದಿತ್ತು. ಆದರೆ ಸ್ಕ್ರೀನ್ ಟೈಮಿನಲ್ಲಿ ಪದಬಂಧವನ್ನೂ ಹಿಂದಿಕ್ಕಿ ಸೆಟ್ಟಿಂಗ್ಸ್ ಮೊದಲ ಸ್ಥಾನದಲ್ಲಿತ್ತು.

"ದಿನಾ ಒಂದೂವರೆ ಗಂಟೆ ಸೆಟ್ಟಿಂಗ್ಸ್‌ನಲ್ಲಿ ಏನ್ ಮಾಡ್ತಿದ್ರಿ ದೊಡ್ಡಮ್ಮ?"

"ಅದು ಮತ್ತೆ ಕದೀತಿದ್ಯಾ ಅಂತ ನೋಡ್ತಿದ್ದೆ ಕಣೇ. ಒಂದ್ಸಲ ಸಿಕ್ಕಿಬಿದ್ದೋರ ಬೆಂಚಿನ ಪಕ್ಕದಿಂದ ನಾನು ಯಾವತ್ತಾದ್ರೂ ಕದಲಿದ್ದುಂಟೇನೇ?"