ಉಳಿದ ಅಪಾಯ ಎಂಟು ಮೀರಬಾರದು

ನನ್ನ ಕಿರುಚಿತ್ರದ ನಾಯಕನಿಗೆ ಈಜು ಬರುತ್ತದೆ ಎಂದು ಫಾರಂನಲ್ಲಿ ಬರೆದವನು ನಾನೇ. ಅಷ್ಟು ಗ್ಯಾರಂಟಿ. ಬರೆಯುವ ಮೊದಲು ಅವನನ್ನು ಕೇಳಿದ್ದೆನೋ ಇಲ್ಲವೋ ಎಂಬುದು ಮಾತ್ರ ಇವತ್ತಿಗೂ ಖಚಿತವಿಲ್ಲ. ಕ್ಯಾಂಟೀನಿನಲ್ಲಿ ಕೇಳಿದೆ, ಅವನು ದೋಸೆ ಮುರಿಯುತ್ತಾ "ಬರ್ಕೊ ಹೋಗೋ" ಎಂದ ಎಂದು ನನ್ನ ನೆನಪು. ತಟ್ಟೆಯಲ್ಲಿದ್ದ ಕೆಂಪು ಚಟ್ನಿಯೂ ನೆನಪಿದೆ. ಆದರೆ ಆ ದಿನ ತಾನು ಕಾಲೇಜಿಗೇ ಬಂದಿರಲಿಲ್ಲ, ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ ಎಂದು ಅವನು ಹೇಳುತ್ತಾನೆ. ಚಟ್ನಿ ನೆನಪಿರುವುದು ಸಾಕ್ಷ್ಯವಲ್ಲ ಎಂಬುದನ್ನು ಪತ್ರಿಕೋದ್ಯಮದ ತರಗತಿಯಲ್ಲಿ ಕಲಿತವನು ನಾನು. ಹೀಗಾಗಿ ಮುಂದಿನದನ್ನು ಓದುವವರು ಅಲ್ಲಲ್ಲಿ ನನ್ನನ್ನು ಸ್ವಲ್ಪ ಅನುಮಾನಿಸಿದರೆ ಬೇಸರವಿಲ್ಲ.

ನಂಜನಗೂಡಿನಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಪತ್ರಿಕೋದ್ಯಮ ಓದುತ್ತಿದ್ದ ಕಾಲ. ಕೊನೆಯ ಸೆಮಿಸ್ಟರಿಗೆ ಪ್ರತಿಯೊಬ್ಬರೂ ಎಂಟು ನಿಮಿಷದ ಒಂದು ಕಿರುಚಿತ್ರ ಮಾಡಬೇಕಿತ್ತು. ನನ್ನ ನಾಯಕ ಮೊಪೆಡ್ ಓಡಿಸುತ್ತಾ ಎರಡೂ ಕೈ ಬಿಡುತ್ತಾನೆ, ಬಸ್ಸೊಂದನ್ನು ಸವರಿಕೊಂಡು ಹೋಗುತ್ತಾನೆ, ಕೊನೆಗೆ ತಿ. ನರಸೀಪುರದಲ್ಲಿ ನಡುಹೊಳೆಯ ತೆಪ್ಪದಿಂದ ನೀರಿಗೆ ಹಾರುತ್ತಾನೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ನಾಯಕನ ಪಾತ್ರಕ್ಕೆ ನನ್ನ ಗೆಳೆಯನನ್ನು ಹಾಕಿಕೊಂಡಿದ್ದೆ. ಅವನಲ್ಲಿದ್ದ ಅರ್ಹತೆ ಎರಡು: ಮೊಪೆಡ್ ಅವನದು, ಮೀಸೆಯೂ ಅವನದು.

ರಸ್ತೆ, ನೀರು, ಸಾಹಸ, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಕಾಲೇಜಿನ ಅನುಮತಿ ಸಮಿತಿಗೆ ಅಪಾಯದ ಅಂದಾಜು ಬರೆದುಕೊಡಬೇಕು. ನನ್ನದರಲ್ಲಿ ಮೂರೂ ಇದ್ದವು. ಸಮಿತಿಯ ಸಹಿ ಇಲ್ಲದಿದ್ದರೆ ಕ್ಯಾಮೆರಾ ಕೋಣೆಯ ಬೀಗ ತೆರೆಯುವುದಿಲ್ಲ. ನನ್ನ ಸರದಿಗೆ ಬಂದದ್ದು ಮೂರು ದಿನ. ಅದು ತಪ್ಪಿದರೆ ಕ್ಯಾಮೆರಾ ಮುಂದಿನವರ ಪಾಲು, ನನ್ನ ಪಾಲಿಗೆ ಇನ್ನೊಂದು ವರ್ಷ.

ಫಾರಂ ಎಂದರೆ ಒಂದು ಉದ್ದದ ಕೋಷ್ಟಕ. ಅಪಾಯ ಏನು, ಯಾರಿಗೆ, ಆಗುವ ಸಾಧ್ಯತೆ ಒಂದರಿಂದ ಐದರೊಳಗೆ ಎಷ್ಟು, ಆದರೆ ತೀವ್ರತೆ ಒಂದರಿಂದ ಐದರೊಳಗೆ ಎಷ್ಟು, ಎರಡನ್ನೂ ಗುಣಿಸಿದರೆ ಬರುವ ಅಂಕ. ಆಮೇಲೆ ನೀವು ತೆಗೆದುಕೊಳ್ಳುವ ಮುನ್ನೆಚ್ಚರಿಕೆ, ಅದರ ಹೊಣೆ ಯಾರದು, ಮುನ್ನೆಚ್ಚರಿಕೆಯ ನಂತರ ಉಳಿಯುವ ಅಂಕ. ನಮ್ಮ ಕಾಲೇಜಿನಲ್ಲಿ ಉಳಿದ ಅಂಕ ಎಂಟು ಮೀರಿದರೆ ಅನುಮತಿ ಇಲ್ಲ. ಈ ನಿಯಮ ತಿಳಿದ ಬುದ್ಧಿವಂತ ಏನು ಮಾಡುತ್ತಾನೆ? ಕೊನೆಯ ಕಾಲಂನಲ್ಲಿ ಮೊದಲು ಆರು ಎಂದು ಬರೆದು, ಅಲ್ಲಿಂದ ಹಿಂದಕ್ಕೆ ಬರುತ್ತಾನೆ. ನಮ್ಮ ಹಿಂದಿನ ಬ್ಯಾಚಿನವರೂ ಹಾಗೇ ಮಾಡಿದ್ದರು. ಅವರಲ್ಲೊಬ್ಬನ ಫಾರಂ ನನಗೆ ಸಿಕ್ಕಿತ್ತು. ಅವನು ಚಿತ್ರ ಮಾಡಿದ್ದು ಮಲ್ಪೆ ಕಡೆಯ ಕಡಲತೀರದಲ್ಲಿ. ಊರಿನ ಹೆಸರುಗಳನ್ನು ಬದಲಾಯಿಸಿದೆ. ಎಲ್ಲವನ್ನೂ ಬದಲಾಯಿಸಿದೆ ಎಂದುಕೊಂಡೆ.

ಸಮಿತಿಯಲ್ಲಿ ಮೂವರು: ನಮ್ಮ ವಿಭಾಗದ ಮೇಡಂ, ಕ್ಯಾಮೆರಾ ಕೋಣೆಯ ಉಸ್ತುವಾರಿ, ಮತ್ತು ದೈಹಿಕ ಶಿಕ್ಷಣದ ಪಿ.ಟಿ. ಮಾಸ್ತರು. ಪಿ.ಟಿ. ಮಾಸ್ತರು ನರಸೀಪುರದ ಕಡೆಯವರು, ಕೊರಳಲ್ಲಿ ಸೀಟಿ ತೂಗುಹಾಕಿಕೊಂಡೇ ಸಭೆಗೆ ಬರುತ್ತಿದ್ದರು. ಬರೆದದ್ದನ್ನು ಓದಲಿಕ್ಕಿಲ್ಲ ಎಂದು ನಾನು ಎಣಿಸಿದ್ದು ಅವರೊಬ್ಬರ ಬಗ್ಗೆಯೇ. ಓದಿದವರೂ ಅವರೊಬ್ಬರೇ.

"ಏನಪ್ಪಾ ಇದು, 'ಭರತ ಇಳಿತದ ಸಮಯ ನೋಡಿಕೊಂಡು ನೀರಿಗೆ ಇಳಿಯಲಾಗುವುದು' ಅಂತ ಬರ್ದಿದ್ದೀಯ. ನರಸೀಪುರಕ್ಕೆ ಸಮುದ್ರ ಯಾವತ್ ಬಂತು? ನಮ್ ಮನೆಯೋರು ನಂಗ್ ಏಳ್ನೇ ಇಲ್ವಲ್ಲ."

ಮೇಡಂ ಕೆಮ್ಮಿನ ನೆಪದಲ್ಲಿ ಮುಖ ಮುಚ್ಚಿಕೊಂಡರು.

"ಅದು ಬಿಡು. ನಂಜನಗೂಡಲ್ಲಿ ಶೂಟಿಂಗು ಸೋಮವಾರ, ಅದೂ ಶಿವನ ವಾರ, ದೇವಸ್ಥಾನದ ರಸ್ತೆ, 'ವಾಹನ ಸಂಚಾರ ಕಡಿಮೆ'. ಇದನ್ನ ಬರ್ದೋನು ಯಾವೂರೋನು?"

"ನಂಜನಗೂಡೇ ಸಾರ್."

"ಸೋಮ್ವಾರ ಎಲ್ಲಿರ್ತೀಯ?"

"ಕಾಲೇಜಲ್ಲಿ ಸಾರ್."

"ಅದಕ್ಕೇ."

ನಾನು ನಕ್ಕಿದ್ದೆ ಎಂದು ನೆನಪು. ನಗು ಮುಂದಿನ ಸಾಲಿಗೆ ನಿಂತಿತು. ಮುಳುಗುವ ಅಪಾಯಕ್ಕೆ ಮುನ್ನೆಚ್ಚರಿಕೆಯ ಮೊದಲು ತೀವ್ರತೆ ಐದು ಕೊಟ್ಟಿದ್ದೆ. ಲೈಫ್ ಜಾಕೆಟ್ ತೊಟ್ಟ ಮೇಲೆ ಎರಡು.

"ಜಾಕೀಟ್ ಆಕ್ಕೊಂಡ್ರೆ ಮುಳುಗೋ ಚಾನ್ಸ್ ಕಮ್ಮಿ ಆಯ್ತದೆ, ಒಪ್ಕೊತೀನಿ. ಮುಳುಗ್ದ ಮೇಲೆ? ಜಾಕೀಟ್ ಆಕ್ಕೊಂಡೋನು ಐದ್ರಲ್ಲಿ ಎರಡು ಭಾಗ ಸಾಯ್ತಾನಾ?"

"ಇಲ್ಲ ಸಾರ್."

"ಮತ್ತೆ ಐದು ಐದಾಗೇ ಇರ್ಲಿ. ಆಮೇಲೆ ಹೊಣೆ ಅನ್ನೋ ಕಡೆ ಎಲ್ಲಾ 'ತಂಡ', 'ತಂಡ' ಅಂತ ಇದೆ. ಈ ತಂಡದ ಫೋನ್ ನಂಬರ್ ಕೊಡು. ಮಾಡ್ತೀನಿ, ಯಾರ್ ಎತ್ತಾರೆ ನೋಡಾವ."

ಫಾರಂ ನನ್ನ ಕಡೆ ತಳ್ಳಿದರು. "ಎರಡು ದಿನ ಟೈಮು. ಓಗಿ ಜಾಗ ನೋಡ್ಕೊಂಡು ಬಾ. ನಂಬರ್ ಜಾಸ್ತಿ ಬಂದ್ರೆ ನಂಬರ್ ತಿದ್ಬೇಡ ಕಣಪ್ಪಾ, ಸೀನ್ ತಿದ್ದು."

ಅಂದೇ ಸಂಜೆ ಗೆಳೆಯನ ಮೊಪೆಡ್ಡಿನಲ್ಲಿ ನಂಜನಗೂಡಿನ ಬಳಿಯ ದೇವನೂರಿನ ದಾರಿ ಹಿಡಿದೆವು. ದೇವಸ್ಥಾನದ ರಸ್ತೆ ಕೈಬಿಟ್ಟಾಗಿತ್ತು. ದಾರಿಯಲ್ಲಿ ಒಂದು ನೇರವಾದ ತುಂಡು ಸಿಕ್ಕಿತು. ಎರಡೂ ತುದಿಯಿಂದ ಬರುವ ಗಾಡಿ ದೂರದಿಂದಲೇ ಕಾಣುತ್ತಿತ್ತು. ಬಸ್ಸು ಬರುವ ಹೊತ್ತನ್ನು ಅಂಗಡಿಯವರನ್ನು ಕೇಳಿ ಬರೆದುಕೊಂಡೆ. ಮಾರನೆಯ ಬೆಳಿಗ್ಗೆ ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟಾಗ ಅಲ್ಲಿದ್ದವರು ಒಂದೇ ಮಾತು ಹೇಳಿದರು: ಗಾಡಿ ತಡೆಯುವ ಅಧಿಕಾರ ನಿಮಗಿಲ್ಲ, ಗಾಡಿ ಬಂದರೆ ನೀವೇ ನಿಲ್ಲಬೇಕು. ಹಾಗಾಗಿ ಬಸ್ಸನ್ನು ಸವರುವ ದೃಶ್ಯ ಹೋಯಿತು. ಕೈ ಬಿಡುವ ದೃಶ್ಯದಲ್ಲಿ ಎಂಜಿನ್ ಆಫ್ ಮಾಡಿ ಮೊಪೆಡ್ಡನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದು, ಸೊಂಟದಿಂದ ಮೇಲಷ್ಟೇ ತೋರಿಸುವುದು, ಹಿಂದಿನಿಂದ ಇಬ್ಬರು ಅಲ್ಲಾಡಿಸುವುದು ಎಂದಾಯಿತು. ಹೆಲ್ಮೆಟ್ಟೂ ಬಂತು.

"ಹೆಲ್ಮೆಟ್ ಹಾಕಿದ್ರೆ ನನ್ ಮೀಸೆ ಕಾಣಲ್ವಲ್ಲೋ," ಗೆಳೆಯ ಸಿಟ್ಟಾದ. "ಮತ್ತೆ ನಾನ್ಯಾಕೆ? ನಿಮ್ಮಪ್ಪನ್ನ ಕೂರ್ಸು."

ಅದೇ ದಿನ ಮಧ್ಯಾಹ್ನ ನರಸೀಪುರಕ್ಕೆ ಹೋದೆವು. ಹೊಳೆಯ ದಂಡೆಯಲ್ಲಿ ಮೀನುಬಲೆ ಒಣಹಾಕುತ್ತಿದ್ದ ತೆಪ್ಪದವರೊಬ್ಬರು ಸಿಕ್ಕಿದರು. ವಯಸ್ಸು ಐವತ್ತರ ಆಚೆ. ನನ್ನ ಕಥೆಯನ್ನು ತಾಳ್ಮೆಯಿಂದ ಕೇಳಿ, ಗೆಳೆಯನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಹಾರೋನು ಇವ್ನಾ? ಏನ್ಲಾ, ಈಜ್ ಬತ್ತದಾ?"

"ಸ್ವಲ್ಪ ಸ್ವಲ್ಪ ಬತ್ತದೆ ಅಣ್ಣ."

"ಸ್ವಲ್ಪ ಈಜಾದು ಅಂದ್ರೆ ಪೂರ್ತಿ ಮುಳುಗಾದು ಕಣ್ಲಾ."

ಗೆಳೆಯ ನನ್ನತ್ತ ತಿರುಗಿದ. ಕೈಯಲ್ಲಿದ್ದ ಫಾರಂ ಇಣುಕಿ ನೋಡಿ, ತನ್ನ ಹೆಸರಿನ ಮುಂದೆ ಇದ್ದದ್ದನ್ನು ಜೋರಾಗಿ ಓದಿದ. "'ಚೆನ್ನಾಗಿ ಈಜು ಬರುತ್ತದೆ.' ಯಾವನೋ ನಿಂಗೆ ಹೇಳ್ದೋನು? ನಾನು ಸ್ನಾನಾನೇ ಬಕೆಟ್ಟಲ್ಲಿ ಮಾಡೋದು."

ಚಟ್ನಿಯ ಜಗಳ ಶುರುವಾದದ್ದು ಅಲ್ಲಿ. ತೆಪ್ಪದವರು ನಮ್ಮ ಜಗಳ ಮುಗಿಯುವವರೆಗೆ ಬಲೆಯ ಗಂಟು ಬಿಡಿಸುತ್ತಾ ಕುಳಿತಿದ್ದು, ಆಮೇಲೆ ಗಳ ತೆಗೆದುಕೊಂಡು ನೀರಿಗಿಳಿದರು. ದಂಡೆಯಿಂದ ಹತ್ತು ಹೆಜ್ಜೆಯವರೆಗೆ ಮೊಣಕಾಲುದ್ದ, ಮರಳು ಗಟ್ಟಿ. ಹನ್ನೆರಡನೇ ಹೆಜ್ಜೆಗೆ ಗಳ ಅರ್ಧ ಒಳಗೆ ಹೋಯಿತು.

"ಇದು ಇವತ್ತಿನ ಲೆಕ್ಕ. ಮೇಲ್ಗಡೆ ಡ್ಯಾಮಿಂದ ನೀರ್ ಬುಟ್ರೆ ನಾಳೆ ಇದೇ ಜಾಗ ಎದೆಮಟ್ಟ. ನಿಮ್ ಕಾಗ್ದದಲ್ಲಿ ಇದು ಅದಾ?"

ಇರಲಿಲ್ಲ. ಭರತ ಇಳಿತ ಇತ್ತು.

ಅಲ್ಲೇ ಮರದ ಕೆಳಗೆ ಕುಳಿತು ಹೊಸ ಫಾರಂ ಬರೆದೆ. ತೆಪ್ಪ ಮಗುಚುವುದಕ್ಕೆ ಸಾಧ್ಯತೆ ಎರಡು, ತೀವ್ರತೆ ಐದು, ಉಳಿದದ್ದು ಹತ್ತು. ಹತ್ತು ಎಂದರೆ ಕ್ಯಾಮೆರಾ ಇಲ್ಲ. ಎರಡನ್ನು ಒಂದು ಮಾಡಿದರೆ ಸಾಕು, ಪೆನ್ನಿನ ಒಂದು ಗೆರೆಯ ಮಾತು. ಪಿ.ಟಿ. ಮಾಸ್ತರ ಸೀಟಿ ಕಿವಿಯಲ್ಲಿ ಕೇಳಿಸಿತು ಎಂದರೆ ಅದು ಸಾಹಿತ್ಯವಾದೀತು. ನಿಜವಾಗಿ ನಡೆದದ್ದು, ಗೆಳೆಯ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ತಿದ್ದಲು ನಾಚಿಕೆಯಾಯಿತು. ಸೀನ್ ತಿದ್ದಿದೆ. ತೆಪ್ಪ ನಡುಹೊಳೆಗೆ ಹೋಗುವುದಿಲ್ಲ, ಮೊಣಕಾಲುದ್ದ ನೀರಿನಲ್ಲಿ ದಂಡೆಯ ಮರಕ್ಕೆ ಹಗ್ಗ ಕಟ್ಟಿ ನಿಲ್ಲುತ್ತದೆ. ತೆಪ್ಪದವರು ಒಳಗಿರುತ್ತಾರೆ. ಅಂಗಿಯ ಒಳಗೆ ಜಾಕೆಟ್. ಯಾರೂ ಹಾರುವುದಿಲ್ಲ, ಹಾರಿದ ಸದ್ದಿಗೆ ಮರಳು ತುಂಬಿದ ಗೋಣಿಚೀಲವೊಂದನ್ನು ನೀರಿಗೆ ಹಾಕುವುದು. ಸಾಧ್ಯತೆ ಈಗ ನಿಜವಾಗಿಯೂ ಒಂದು. ಒಂದೈದಲ ಐದು. ತೆಪ್ಪದವರು ನೀರಿನ ಮಟ್ಟ ನೋಡಲು ಗಳವೊಂದನ್ನು ನೆಟ್ಟು, ನೀರಿಗಿಂತ ಸ್ವಲ್ಪ ಮೇಲೆ ಕೆಂಪು ಬಟ್ಟೆ ಸುತ್ತಲು ಒಪ್ಪಿದರು. ನೀರು ಬಟ್ಟೆ ಮುಟ್ಟಿದರೆ ಶೂಟಿಂಗ್ ಬಂದ್.

ಎರಡನೇ ಸಭೆಯಲ್ಲಿ ಪಿ.ಟಿ. ಮಾಸ್ತರು ಎಲ್ಲಾ ಓದಿ ಒಂದೇ ಕಡೆ ಬೆರಳಿಟ್ಟರು. "ನಿಲ್ಸಿ ಅಂತ ಹೇಳೋನು ಯಾರು?"

"ನಾನು ಸಾರ್, ನಿರ್ದೇಶಕ."

"ಶಾಟ್ ಬೇಕಾದೋನು ನಿಲ್ಲಿಸ್ತಾನೇನಪ್ಪಾ? ಮದ್ವೆ ಗಂಡು ಮದ್ವೆ ನಿಲ್ಲಿಸ್ದಂಗೆ. ಬೇರೆಯೋನ್ ಹೆಸರು ಬರಿ."

ನನಗೆ ಹೊಳೆದದ್ದು ಗೆಳೆಯನ ಹೆಸರು. ನೀರಿನಲ್ಲಿರುವವನು ಅವನೇ ಅಲ್ಲವೇ. ಮೇಡಂ ಸಹಿ ಹಾಕಿದರು, ಕ್ಯಾಮೆರಾ ಕೋಣೆಯ ಬೀಗ ತೆರೆಯಿತು.

ಅಧಿಕಾರ ಸಿಕ್ಕಿದ ನಂತರ ಅವನು ಬೇರೆಯೇ ಮನುಷ್ಯನಾದ. ದೇವನೂರಿನ ದಾರಿಯಲ್ಲಿ ಎಮ್ಮೆ ಬಂದರೆ ಸ್ಟಾಪ್. ಹೆಲ್ಮೆಟ್ಟಿನೊಳಗೆ ಮೂಗು ಕಡಿದರೆ ಸ್ಟಾಪ್. "ಫಾರಂನಲ್ಲಿ ನನ್ ಹೆಸ್ರಿದೆ ಕಣೋ," ಎಂದು ನೆರಳಲ್ಲಿ ಕುಳಿತು ಎಳನೀರು ಕುಡಿದ. ನರಸೀಪುರದಲ್ಲಿ ಕೊನೆಯ ದಿನ, ಕೊನೆಯ ಶಾಟ್. ಬಿಸಿಲು ಇಳಿಯುತ್ತಿತ್ತು, ತೆಪ್ಪ ಹಗ್ಗದಲ್ಲಿ ತೂಗುತ್ತಿತ್ತು, ಅವನ ಮುಖದ ಮೇಲೆ ನನಗೆ ಬೇಕಾದ ಬೆಳಕು ಬಿದ್ದಿತ್ತು. ಅವನು ಸ್ಟಾಪ್ ಎಂದ. ಮತ್ತೆ ಅವನ ಚೇಷ್ಟೆ ಎಂದುಕೊಂಡೆ. ಅವನು ಕೈ ತೋರಿಸಿದ ಕಡೆ ನೋಡಿದರೆ ಕೆಂಪು ಬಟ್ಟೆಯ ಅಂಚು ಒದ್ದೆಯಾಗಿತ್ತು. "ಏರ್ತಾ ಅದೆ, ಎದ್ದು ಬನ್ನಿ," ಎಂದರು ತೆಪ್ಪದವರು, ಊಟಕ್ಕೆ ಕರೆದಷ್ಟು ಸಮಾಧಾನವಾಗಿ. ಎಲ್ಲರೂ ನಡೆದೇ ದಂಡೆಗೆ ಬಂದೆವು. ಯಾರೂ ಮೊಣಕಾಲಿನಿಂದ ಮೇಲಕ್ಕೆ ನೆನೆಯಲಿಲ್ಲ. ಅವನು ಸ್ಟಾಪ್ ಎಂದ ಕ್ಷಣವೇ ನಾನು ಕ್ಯಾಮೆರಾ ಆಫ್ ಮಾಡಿದೆ ಎಂದು ಆಮೇಲೆ ವರದಿಯಲ್ಲಿ ಬರೆದೆ. ವೈವಾದಲ್ಲೂ ಹಾಗೇ ಹೇಳಿದೆ. ವರದಿ ಓದಿ ಪಿ.ಟಿ. ಮಾಸ್ತರು ಮೆಚ್ಚಿ ತಲೆಯಾಡಿಸಿದರು. ಎಷ್ಟೋ ವರ್ಷ ಅದನ್ನು ನಾನೂ ನಂಬಿದ್ದೆ.

ಈ ಬರಹಕ್ಕಾಗಿ ಹಳೆಯ ಹಾರ್ಡ್ ಡಿಸ್ಕಿನಿಂದ ಆ ಕ್ಲಿಪ್ ಹುಡುಕಿ ತೆಗೆದೆ, ಎರಡು ಸಲ ಗಡಿಯಾರ ಹಿಡಿದು ನೋಡಿದೆ. ಅವನು ಸ್ಟಾಪ್ ಎಂದ ಮೇಲೆ ಕ್ಯಾಮೆರಾ ಇನ್ನೂ ನಲವತ್ತೊಂದು ಸೆಕೆಂಡ್ ಓಡಿದೆ.