ಎಡಗಡೆಯ ಪಟ್ಟಿ, ಬಲಗಡೆಯ ಪಟ್ಟಿ

ಡಯಾಲಿಸಿಸ್ ಸಿಸ್ಟರ್ ಎಂದರೆ ಆಸ್ಪತ್ರೆಯ ಕಾವಲುಗಾರನಿಗೂ ಗೊತ್ತು. ಹದಿನಾಲ್ಕು ವರ್ಷದಿಂದ ಅದೇ ಎರಡನೇ ಮಹಡಿ, ಗೋಡೆಗುಂಟ ನಿಂತ ಅವೇ ಯಂತ್ರಗಳು. ರೋಗಿಯ ಕೈಗೆ ಸೂಜಿ ಚುಚ್ಚುವಾಗ ಅವಳ ಬೆರಳು ಒಮ್ಮೆಯೂ ನಡುಗಿದ್ದಿಲ್ಲ. ಬೆರಳು ನಡುಗುತ್ತಿದ್ದದ್ದು ಪೆನ್ಸಿಲ್ ಹಿಡಿದಾಗ.

ಗಂಡ ಮಗಳನ್ನು ಕರೆದುಕೊಂಡು ಪರದೇಶಕ್ಕೆ ಹೋಗಿ ಎರಡು ವರ್ಷವಾಗಿತ್ತು. ಅಲ್ಲಿ ಒಬ್ಬರ ಸಂಬಳದಲ್ಲಿ ಮೂವರ ಬದುಕು ಸಾಗುವುದಿಲ್ಲ. ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ, ನರ್ಸ್ ಕೆಲಸಕ್ಕೆ ಅರ್ಹತೆ ಪಡೆದು ತಾನೂ ಬರುತ್ತೇನೆ, ಹೆಚ್ಚೆಂದರೆ ಆರು ತಿಂಗಳು ಎಂದು ಇವಳು ಹೇಳಿದ್ದಳು. ಆಗ ಪುಟ್ಟಿಗೆ ಏಳು ವರ್ಷ. ಆರು ತಿಂಗಳೆಂದರೆ ಎಷ್ಟು ಎಂದು ಬೆರಳು ಮಡಚಿ ಎಣಿಸಿಕೊಂಡು ಹೋಗಿತ್ತು ಮಗು.

ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ ಸಿಸ್ಟರಿಗೆ ಬೇಕಾದ ಅಂಕ ಬಂದಿತ್ತು. ಬರವಣಿಗೆಯಲ್ಲಿ ಮಾತ್ರ ಏಳು ಬೇಕಾದಲ್ಲಿ ಆರು. ಮತ್ತೆ ಕೂತಳು, ಮತ್ತೆ ಆರು. ಯಾಕೆ ಆರು ಎಂದು ಆ ಪರೀಕ್ಷೆಯವರು ಹೇಳುವುದಿಲ್ಲ. ಅಂಕ ಕಳಿಸಿ ಕೈತೊಳೆದುಕೊಳ್ಳುತ್ತಾರೆ.

ಯಾಕೆಂದು ಹೇಳಲು ಮೇಷ್ಟ್ರಿದ್ದರು. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂರು ಬೆಂಚು, ಒಂದು ಹಲಗೆ ಇಟ್ಟುಕೊಂಡು ಪಾಠ ಹೇಳುತ್ತಿದ್ದ ಮೇಷ್ಟ್ರು ಅದಕ್ಕೆ ಮುಂಚೆ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕೆಂಪು ಪೆನ್ನು ಹಿಡಿದು ಕರಡು ತಿದ್ದಿದವರು. ಹಲಗೆಯ ಮೇಲೆ ಅಳಿಸದ ಎರಡು ಪಟ್ಟಿ: ಎಡಗಡೆ ಬ್ರಿಟಿಷರ ಕಾಗುಣಿತ, ಬಲಗಡೆ ಅಮೆರಿಕದವರದು. ಕಲರ್, ಫೇವರಿಟ್ ಇಂಥವಕ್ಕೆ ಎಡಗಡೆ ಒಂದು 'ಯು' ಹೆಚ್ಚು, ಬಲಗಡೆ ಅದಕ್ಕೆ ಕತ್ತರಿ. ಲಿಫ್ಟ್ ಎಡಕ್ಕೆ, ಎಲಿವೇಟರ್ ಬಲಕ್ಕೆ.

"ಬಲಗಡೆಗೆ ಕಾಲಿಟ್ರೆ ಅಂಕ ಹೋಯ್ತು ಅಂತ್ಲೇ ತಿಳ್ಕೊಳಮ್ಮ," ಎನ್ನುತ್ತಿದ್ದರು ಮೇಷ್ಟ್ರು.

ಸಿಸ್ಟರಿಗೆ ಅದೇ ಕಷ್ಟ. ಶಾಲೆಯಲ್ಲಿ ಕಲಿತದ್ದು ಎಡಗಡೆಯದು, ಹದಿನಾಲ್ಕು ವರ್ಷ ಯಂತ್ರಗಳ ಪರದೆಯ ಮೇಲೆ ಕಂಡದ್ದು ಬಲಗಡೆಯದು. ಹಿಮೋಗ್ಲೋಬಿನ್ ಬರೆಯುವಾಗ 'ಎಚ್' ಆದ ಮೇಲೆ 'ಎ' ಬೇಕೋ ಬೇಡವೋ ಎಂದು ಶಾಲೆಯ ಪುಸ್ತಕವೂ ಯಂತ್ರವೂ ತಲೆಯೊಳಗೆ ಜಗಳಕ್ಕೆ ಬೀಳುತ್ತಿದ್ದವು. ಹಾಗಾಗಿ ಪರೀಕ್ಷೆಯಲ್ಲಿ ಸರಸರನೆ ಬರೆದು, ಕೊನೆಯ ಕಾಲು ಗಂಟೆ ಮೊದಲಿಂದ ಹುಡುಕಿ ಹುಡುಕಿ ಅಳಿಸಿ 'ಯು' ಸೇರಿಸುತ್ತಾ ಕೂರುತ್ತಿದ್ದಳು. ಎರಡು ಸಲವೂ ಎರಡನೇ ಪ್ರಬಂಧಕ್ಕೆ ಮುಕ್ತಾಯವೇ ಇರಲಿಲ್ಲ, ಇನ್ನೂರೈವತ್ತು ಪದವೂ ತುಂಬಲಿಲ್ಲ. ಅದು ಅವಳಿಗೂ ದೊಡ್ಡದೆನಿಸಲಿಲ್ಲ, ಮೇಷ್ಟ್ರಿಗೂ ಅನಿಸಲಿಲ್ಲ. ಯಾವುದೋ ಒಂದು 'ಯು' ತಪ್ಪಿಸಿಕೊಂಡಿರಬೇಕು ಎಂದೇ ಇಬ್ಬರೂ ನಂಬಿದರು.

ಹೀಗಿರುವಾಗ ಪುಟ್ಟಿ ಶಾಲೆಯಲ್ಲಿ ಬರೆದ ಒಂದು ಪುಟವನ್ನು ಫೋಟೋ ತೆಗೆದು ಕಳಿಸಿತ್ತು. ನನಗೆ ಎಲ್ಲರಿಗಿಂತ ಇಷ್ಟವಾದವರು ನನ್ನ ಅಮ್ಮ ಎಂದು ಶುರುವಾಗುವ ಪುಟ. ಅಮ್ಮನ ಸೀರೆಯ ಬಣ್ಣ ಯಾವುದು, ಅಮ್ಮ ಕೆಲಸದಿಂದ ಬಂದಾಗ ಕೈಯಿಂದ ಹೇಗೆ ಆಸ್ಪತ್ರೆ ಸೋಪಿನ ವಾಸನೆ ಬರುತ್ತದೆ, ಎಲ್ಲ ಬರೆದಿತ್ತು. ಫೇವರಿಟ್‌ನಲ್ಲಿ 'ಯು' ಇಲ್ಲ. ಕಲರ್‌ನಲ್ಲೂ ಇಲ್ಲ.

ಈ ತಾಯಿ ಏನು ಮಾಡಿದಳು ಗೊತ್ತೆ? ಫೋಟೋದ ಮೇಲೆಯೇ ಬೆರಳಾಡಿಸಿ ಕೆಂಪು ಬಣ್ಣದಲ್ಲಿ ಎರಡು 'ಯು' ಬರೆದು ವಾಪಸು ಕಳಿಸಿದಳು. 'ತಿದ್ದಿಕೋ ಪುಟ್ಟಿ' ಎಂದು ಕೆಳಗೊಂದು ಸಾಲು. ಹಗಲಿಡೀ ಅದೇ ಧ್ಯಾನವಾಗಿದ್ದ ಕೈ, ಮಗಳ ಪುಟ ಕಂಡಾಗಲೂ ಅದನ್ನೇ ಮಾಡಿತು. ಆಮೇಲೆ ಪುಟ್ಟಿ ಬರೆದದ್ದನ್ನು ಕಳಿಸುವುದೇ ನಿಂತುಹೋಯಿತು. ಭಾನುವಾರ ಪರದೆಯ ಮೇಲೆ ಬಂದು ಮಾತಾಡುತ್ತಿತ್ತು, ನಗುತ್ತಿತ್ತು. ಏನಾದರೂ ಬರೆದೆಯಾ ಎಂದು ಕೇಳಿದರೆ ಮಾತ್ರ ಅಪ್ಪನ ಬೆನ್ನ ಹಿಂದೆ ಸರಿಯುತ್ತಿತ್ತು. ಮುನಿಸಿಕೊಂಡಿದೆ ಎಂದುಕೊಂಡಳು ಸಿಸ್ಟರ್. ಮಗುವಿನ ಮುನಿಸನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚುತ್ತಾ ಕರಗಿಸಬಹುದು. ಅಷ್ಟು ದೂರದಿಂದ ಬಾಚಣಿಗೆ ಹಿಡಿದು ಏನು ಮಾಡುವುದು? ಆ ಸಣ್ಣ ಹಲ್ಲಿನ ಬಾಚಣಿಗೆ ಕನ್ನಡಿಯ ಮುಂದೆ ಹಾಗೆಯೇ ಇತ್ತು. ಸಿಸ್ಟರ್ ಆಗಾಗ ಅದನ್ನು ಎತ್ತಿ ಮೂಸುತ್ತಿದ್ದಳು. ಎಣ್ಣೆಯ ವಾಸನೆ ಹೋಗಿ ಬಹಳ ದಿನವಾಗಿತ್ತು.

ಮೂರನೇ ಪರೀಕ್ಷೆಗೆ ತಿಂಗಳಿರುವಾಗ ಅದೇ ಪರೀಕ್ಷೆಗೆ ಕೂತಿದ್ದ ಆಸ್ಪತ್ರೆಯ ಲ್ಯಾಬಿನ ಹುಡುಗಿಯ ಫಲಿತಾಂಶ ಬಂತು. ಯಾವ ಮೇಷ್ಟ್ರ ಬಳಿಯೂ ಹೋಗದೆ, ಎಲ್ಲವನ್ನೂ ಬಲಗಡೆಯ ಪಟ್ಟಿಯಂತೆ ಬರೆದವಳು. ಬರವಣಿಗೆಯಲ್ಲಿ ಏಳೂವರೆ.

ಸಿಸ್ಟರ್ ಆ ಸಂಜೆ ಮೆಟ್ಟಿಲು ಹತ್ತಿದವಳು ಬೆಂಚಿನ ಮೇಲೆ ಕೂರಲಿಲ್ಲ.

"ಸಾರ್, ಬಲಗಡೆದು ಬರೆದ್ರೆ ಅಂಕ ಹೋಗತ್ತೆ ಅಂತ ಎಲ್ಲಿ ಬರ್ದಿದೆ?"

"ಎಲ್ಲಿ ಅಂದ್ರೆ? ಬರ್ದೇ ಇರತ್ತಮ್ಮ."

"ತೋರ್ಸಿ ಸಾರ್."

ಮೇಷ್ಟ್ರು ಕಪಾಟು ತೆಗೆದರು. ಪರೀಕ್ಷೆಯವರ ಕೈಪಿಡಿ ಪ್ಲಾಸ್ಟಿಕ್ ಹೊದಿಕೆ ಕೂಡ ಹರಿಯದೆ ಅಲ್ಲೇ ಇತ್ತು. ಮೂವತ್ತು ವರ್ಷ ಕಂಡವರ ತಪ್ಪು ತಿದ್ದಿದವರಿಗೆ ತಾವು ಓದಬೇಕಾದದ್ದೂ ಒಂದಿದೆ ಎಂದು ಹೊಳೆದೇ ಇರಲಿಲ್ಲ. ಕನ್ನಡಕ ಏರಿಸಿ ಪುಟ ಮಗುಚಿದರು. ಒಂದು ಕಡೆ ಬೆರಳು ನಿಂತಿತು. ಬ್ರಿಟಿಷ್ ಕಾಗುಣಿತವೂ ಸರಿ, ಅಮೆರಿಕದ್ದೂ ಸರಿ, ಎರಡಕ್ಕೂ ಮಾನ್ಯತೆ ಇದೆ ಎಂದಿತ್ತು ಅಲ್ಲಿ. ಒಂದನ್ನು ಹಿಡಿದರೆ ಕೊನೆಯವರೆಗೂ ಅದನ್ನೇ ಹಿಡಿಯುವುದು ಒಳ್ಳೆಯದು, ಅಷ್ಟೆ. ಪದಗಳು ಕಡಿಮೆಯಾದರೆ, ಪ್ರಬಂಧ ಮುಗಿಯದಿದ್ದರೆ ಅಂಕ ಹೋಗುತ್ತದೆ ಎಂಬುದೂ ಮುಂದಿನ ಪುಟದಲ್ಲೇ ಇತ್ತು.

ಮೇಷ್ಟ್ರು ಕೈಪಿಡಿ ಮುಚ್ಚಿದರು. "ಅಚ್ಚುಕೂಟದಲ್ಲಿ ಯಜಮಾನರು ಎಡಗಡೆದೇ ಇರ್ಲಿ ಅಂದಿದ್ರು. ನಾನು ಅದನ್ನೇ ಲೋಕಕ್ಕೆಲ್ಲ ಕಾನೂನು ಅಂದ್ಕೊಂಡ್ಬಿಟ್ಟೆ. ನಿನ್ನ ಎರಡು ವರ್ಷ ನಾನು ತಿಂದ್ಹಾಕ್ದೆ ತಾಯಿ," ಎಂದರು.

ಸಿಸ್ಟರಿಗೆ ಬೈಯಬೇಕೆನಿಸಿತು. ಆದರೆ ಕಣ್ಣ ಮುಂದೆ ಬಂದದ್ದು ಮೇಷ್ಟ್ರ ಕೆಂಪು ಪೆನ್ನಲ್ಲ, ಪುಟ್ಟಿಯ ಪುಟದ ಮೇಲೆ ಆಡಿದ ತನ್ನದೇ ಬೆರಳು. ಮೆಟ್ಟಿಲಿಳಿದಳು.

ಮೂರನೇ ಸಲ ಅವಳು ಬಲಗಡೆಯ ಪಟ್ಟಿ ಹಿಡಿದಳು. ಯಂತ್ರದ ಕಾಗುಣಿತ, ಪುಟ್ಟಿಯ ಕಾಗುಣಿತ. ರಬ್ಬರ್ ಮುಟ್ಟಿದ್ದು ಎರಡೇ ಸಲ. ಮುಕ್ತಾಯ ಬರೆದು ಪೆನ್ಸಿಲ್ ಕೆಳಗಿಟ್ಟಾಗ ಇನ್ನೂ ಎಂಟು ನಿಮಿಷ ಉಳಿದಿತ್ತು. ಆ ಎಂಟು ನಿಮಿಷ ಕೈಕಟ್ಟಿ ಕೂತು ಮಗಳ ಜಡೆ ಈಗ ಎಷ್ಟು ಉದ್ದವಿರಬಹುದು ಎಂದು ಯೋಚಿಸಿದಳು.

ಎರಡು ವಾರಕ್ಕೆ ಫಲಿತಾಂಶ ಬಂತು, ಏಳು. ಭಾನುವಾರ ಪರದೆಯ ಮೇಲೆ ಗಂಡ ಕುಣಿದಾಡಿದ. ಇನ್ನು ಕಾಗದಪತ್ರ, ಅರ್ಜಿ ಎಂದು ನಾಲ್ಕೈದು ತಿಂಗಳು ಹಿಡಿದರೂ ಅದು ಎಣಿಸಿ ಮುಗಿಸಬಹುದಾದ ತಿಂಗಳು. ಸಿಸ್ಟರ್ ಮಗಳನ್ನು ಕರೆದಳು.

"ಪುಟ್ಟಿ, ಈ ಸಲ ನಿನ್ ಥರಾನೇ ಬರೆದೆ ಕಣೆ. 'ಯು' ಹಾಕ್ಲಿಲ್ಲ. ಅವತ್ತು ನೀನು ಬರ್ದಿದ್ದೇ ಸರಿ ಇತ್ತು. ಅಮ್ಮಂದೇ ತಪ್ಪು."

ಪುಟ್ಟಿ ಅಪ್ಪನ ಮುಖ ನೋಡಿತು.

ಗಂಡ ಎದ್ದುಹೋಗಿ ಒಂದು ನೋಟ್‌ಬುಕ್ ತಂದ. "ಹೇಳ್ಬೇಡ ಅಂದಿದ್ಲು. ಇಷ್ಟು ದಿನ ಮುಚ್ಚಿಟ್ಟಿದ್ದೆ," ಎಂದು ಪರದೆಗೆ ಹಿಡಿದ.

ಶಾಲೆಯ ಕಾಗುಣಿತ ಪರೀಕ್ಷೆಗಳ ಪುಸ್ತಕ ಅದು. ವಾರಕ್ಕೊಂದು ಪುಟ. ದೊಡ್ಡ ಪರೀಕ್ಷೆ ಎರಡನ್ನೂ ಒಪ್ಪುತ್ತದೆ, ಅಲ್ಲಿನ ಮೂರನೇ ಕ್ಲಾಸಿನ ಟೀಚರಿಗೆ ಬಲಗಡೆಯದೇ ಆಗಬೇಕು. ಪುಟಪುಟದಲ್ಲೂ ಪುಟ್ಟಿ ದುಂಡಗೆ, ಒತ್ತಿ ಬರೆದ ಒಂದೊಂದು 'ಯು', ಅದರ ಸುತ್ತ ಕೆಂಪು ಸುತ್ತು, ಪಕ್ಕದಲ್ಲಿ ಕಳೆದ ಅಂಕ.

"ಟೀಚರ್ ಹೇಳಿಕೊಟ್ರೂ ಬಿಡಲ್ಲ. ಸರಿಯಾದ್ದು ಅವಳಿಗೆ ಗೊತ್ತು. ಅಮ್ಮ ಕಳ್ಸಿದ್ದು ಅಂತಾಳೆ," ಎಂದ ಗಂಡ.

ಸಿಸ್ಟರ್ ಪರದೆಯ ಹತ್ತಿರಕ್ಕೆ ಬಾಗಿದಳು. "ಅಯ್ಯೋ ನನ್ ಕಂದ, ಇನ್ಮೇಲೆ ಹಾಕ್ಬೇಡ. ತೆಗ್ದ್ಬಿಡು."

ಪುಟ್ಟಿ ಅಪ್ಪನ ಕೈಯಿಂದ ನೋಟ್‌ಬುಕ್ ಕಸಿದು ಎದೆಗೆ ಒತ್ತಿಕೊಂಡಿತು.

"ನೀನು ಬಂದ್ಮೇಲೆ ತೆಗೀತೀನಿ," ಎಂದಿತು.