ಸೂಜಿಮುರುಕಿಯ ಹಾಜರಿ

ಉಮ್ಮತ್ತೂರಿನ ಗುರುಮಲ್ಲಮ್ಮನಿಗೆ ಎರಡು ಹೆಸರು. ಒಂದು ಹೆತ್ತವರು ಇಟ್ಟದ್ದು. ಇನ್ನೊಂದು ಚಾಮರಾಜನಗರದ ಗಾರ್ಮೆಂಟ್ಸ್‌ನವರು ಇಟ್ಟದ್ದು: ಸೂಜಿಮುರುಕಿ.

ಊರಾಚೆಯ ಶೀಟಿನ ಶೆಡ್ಡಿನಲ್ಲಿ ನಲವತ್ತು ಹೆಂಗಸರು ಹೊಲಿಗೆ ಮಿಷನ್ನಿನ ಮುಂದೆ ಕೂತು ಹೊರದೇಶಕ್ಕೆ ಹೋಗುವ ಪ್ಯಾಂಟು ಹೊಲಿಯುತ್ತಿದ್ದರು. ಗುರುಮಲ್ಲಮ್ಮನ ಪಾಲಿಗೆ ಬಂದದ್ದು ಹಿಂದಿನ ಜೇಬು ಕೂರಿಸುವ ಕೆಲಸ. ಪೀಸಿಗೆ ಅರವತ್ತು ಪೈಸೆ. ಬಟ್ಟೆ ಗೋಣಿಚೀಲದಷ್ಟು ದಪ್ಪ, ಮಿಷನ್ನು ಮಾಲೀಕರ ಮದುವೆಗಿಂತ ಹಳೆಯದು. ದಿನಕ್ಕೊಂದು ಸೂಜಿ ಮುರಿಯದಿದ್ದರೆ ಅದೇ ಆಶ್ಚರ್ಯ.

ಆ ಶೆಡ್ಡಿನಲ್ಲಿ ಮನುಷ್ಯರ ಬೆರಳು ಮುರಿದರೆ ಅರಿಶಿನ ಸಾಕಿತ್ತು. ಸೂಜಿ ಮುರಿದರೆ ಮಾತ್ರ ಶಾಸ್ತ್ರೋಕ್ತವಾಗಿ ಎಲ್ಲವೂ ನಡೆಯಬೇಕು. ಮುರಿದ ಚೂರುಗಳನ್ನೆಲ್ಲ ಹುಡುಕಿ ತಂದು ಒಪ್ಪಿಸಬೇಕು, ಸೂಪರ್‌ವೈಸರ್ ಮರಿಮಲ್ಲಪ್ಪ ಅವನ್ನು ಸೂಜಿ ಪುಸ್ತಕದ ಹಾಳೆಗೆ ಟೇಪಿನಲ್ಲಿ ಅಂಟಿಸಿ ತಾರೀಕು, ಗಂಟೆ, ಹೆಸರು ಬರೆದು ಸಹಿ ಹಾಕಿಸಿಕೊಳ್ಳಬೇಕು, ಆಮೇಲೆ ಹೊಸ ಸೂಜಿ. ಒಂದು ಚೂರು ಬಟ್ಟೆಯಲ್ಲಿ ಉಳಿದು ಹೊರದೇಶದ ದೊರೆಗಳ ಸೊಂಟಕ್ಕೆ ಚುಚ್ಚಿದರೆ ಗತಿಯೇನು? ಸರಕು ಕೊಳ್ಳುವ ಕಂಪನಿಯವರು ಬಂದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಆ ಪುಸ್ತಕವನ್ನೇ. ಮರಿಮಲ್ಲಪ್ಪನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅವರು ಒಮ್ಮೆ ಅವನ ಬೆನ್ನು ತಟ್ಟಿದ್ದರಂತೆ. ಅಂದಿನಿಂದ ಅವನು ಆ ಪುಸ್ತಕವನ್ನು ಪೂಜೆಗೆ ಇಡುವುದೊಂದು ಬಾಕಿ.

ಗುರುಮಲ್ಲಮ್ಮನಿಗೆ ತಿಂಗಳಿಗೆ ಸಾವಿರದ ಎಂಟುನೂರು ಚಿಲ್ಲರೆ ಸಿಗುತ್ತಿತ್ತು. ಸಾಲದು ಎಂದರೆ ಮಾಲೀಕರು ತಂದೆಯಂತೆ ಬುದ್ಧಿ ಹೇಳುತ್ತಿದ್ದರು: "ನಿನ್ನ ಕೈ ನಿಧಾನ ಕಣಮ್ಮ. ಪೀಸು ಜಾಸ್ತಿ ಮಾಡು, ಕಾಸು ಜಾಸ್ತಿ ತಗೋ. ನಾನೇನು ಬೇಡ ಅಂದ್ನಾ?"

ಮೂರು ವರ್ಷ ಅವಳು ಅದನ್ನು ನಂಬಿದಳು. ಬಸ್ಸಿನಲ್ಲಿ ಕೂತು ತನ್ನ ಬೆರಳುಗಳನ್ನೇ ನೋಡಿ ಬೈದುಕೊಳ್ಳುತ್ತಿದ್ದಳು. ಹಿತ್ತಲಲ್ಲಿ ಅವರೆಕಾಯಿ ಬಿಡಿಸಿದರೆ ಓಣಿಯಲ್ಲೇ ಬೇಗ ಮುಗಿಸುವ ಕೈ ಮಿಷನ್ನಿನ ಮುಂದೆ ಯಾಕೆ ಸೋಮಾರಿಯಾಗುತ್ತದೆಂದು ಅವಳಿಗೆ ತಿಳಿಯಲಿಲ್ಲ. ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ ಗಂಡ ಹುಚ್ಚಯ್ಯ ಸಮಾಧಾನ ಹೇಳಿದ್ದ: "ನಂಗೂ ಮೂಟೆ ಲೆಕ್ಕ, ನಿಂಗೂ ಪೀಸ್ ಲೆಕ್ಕ. ಇದ್ರಲ್ಲಿ ಕಾನೂನು ಎಂತದ್ದು, ಬುಡು."

ಒಂದು ಮಂಗಳವಾರ ಅವಳು ಬೆಳಿಗ್ಗೆಯೇ ಎರಡು ಸೂಜಿ ಮುರಿದಳು. ಮಾಲೀಕರು ಆಫೀಸಿಗೆ ಕರೆಸಿ, ಬೈಗುಳ ಹೊರಗೆ ಕೇಳಬಾರದೆಂದು ಬಾಗಿಲು ಹಾಕಿದರು. ಸದಾ ತೆರೆದೇ ಇರುತ್ತಿದ್ದ ಆ ಬಾಗಿಲ ಹಿಂದಿನ ಗೋಡೆಯಲ್ಲಿ ಸರ್ಕಾರದ ಕನಿಷ್ಠ ಕೂಲಿಯ ನೋಟೀಸು ನೇತಾಡುತ್ತಿತ್ತು. ಕೆಲಸಗಾರರ ಕಣ್ಣಿಗೆ ಬೀಳುವಂತೆ ಹಾಕಬೇಕೆಂಬುದು ಕಾನೂನು, ಮಾಲೀಕರು ಹಾಕಿಯೂ ಇದ್ದರು. ಕಣ್ಣಿಗೆ ಬೀಳದಂತೆ ಬಾಗಿಲೇ ಮರೆಮಾಡಿದರೆ ಅವರೇನು ಮಾಡಿಯಾರು? ತಲೆ ತಗ್ಗಿಸಿ ಬೈಸಿಕೊಳ್ಳುತ್ತಲೇ ಗುರುಮಲ್ಲಮ್ಮ ಓದಿದಳು: ಹೊಲಿಗೆಯವರಿಗೆ ದಿನಕ್ಕೆ ತೊಂಬತ್ತಾರು ರೂಪಾಯಿ.

ಮಧ್ಯಾಹ್ನ ಊಟದ ಡಬ್ಬಿಯ ಮುಂದೆ ಪಕ್ಕದ ಮಿಷನ್ನಿನ ಭವ್ಯಳಿಗೆ ಹೇಳಿದಳು. ಪಿಯುಸಿ ಓದಿದ್ದ ಹುಡುಗಿ ಬಂಡಲ್ ಚೀಟಿಯ ಹಿಂದೆ ಲೆಕ್ಕ ಹಾಕಿದಳು.

"ದಿನಕ್ಕೆ ಎಷ್ಟು ಜೇಬು ಅಕ್ಕ?"

"ನೂರಿಪ್ಪತ್ತು ಕಣಮ್ಮಿ, ಹೆಚ್ಚೂಕಮ್ಮಿ."

"ಅರವತ್ತು ಪೈಸೆಯಂಗೆ ಎಪ್ಪತ್ತೆರಡು ರೂಪಾಯಿ. ಇಪ್ಪತ್ನಾಲ್ಕು ಕಮ್ಮಿ ಆಯ್ತಲ್ಲಕ್ಕ."

"ನನ್ ಕೈ ನಿಧಾನ ಅಲ್ವಾ."

"ಕರೆಂಟು ಎಷ್ಟೊತ್ತು ಓಯ್ತದೆ?"

"ದಿನಾ ಎರಡು ಗಂಟೆ. ಕೂತೇ ಇರ್ತೀವಲ್ಲ, ಮನೆಗೂ ಕಳ್ಸಲ್ಲ."

ಎಂಟು ಗಂಟೆಯಲ್ಲಿ ಎರಡು ಕಳೆದರೆ ಆರು. ಆರು ಗಂಟೆಗೆ ನೂರಿಪ್ಪತ್ತು, ಅಂದರೆ ಗಂಟೆಗೆ ಇಪ್ಪತ್ತು. ಎಂಟು ಗಂಟೆಯೂ ಕರೆಂಟು ಇದ್ದಿದ್ದರೆ ನೂರ ಅರವತ್ತು ಜೇಬು, ಸರಿಯಾಗಿ ತೊಂಬತ್ತಾರು ರೂಪಾಯಿ. ನಿಧಾನವಾದದ್ದು ಕರೆಂಟು, ಬೈಸಿಕೊಂಡದ್ದು ಅವಳ ಬೆರಳು. ಗುರುಮಲ್ಲಮ್ಮ ಅನ್ನದ ಕೈಯಲ್ಲೇ ಆ ಚೀಟಿ ಇಸಿದುಕೊಂಡಳು. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಅಳು.

ಮಾರನೇ ವಾರ ಅವಳು ಅರ್ಧ ದಿನದ ಕೂಲಿ ಕಳೆದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ದೂರು ಬರೆದುಕೊಟ್ಟಳು. ಅಲ್ಲಿದ್ದ ಇನ್‌ಸ್ಪೆಕ್ಟರ್ ಬಿಡಿಸಿ ಹೇಳಿದರು: "ಪೀಸ್ ಲೆಕ್ಕದಲ್ಲಿ ಕೂಲಿ ಕೊಡಬಹುದಮ್ಮ. ಆದರೆ ಪೂರ್ತಿ ದಿನ ಕೆಲಸಕ್ಕೆ ಬಂದವರಿಗೆ ದಿನದ ಕನಿಷ್ಠ ಕೂಲಿಗಿಂತ ಕಮ್ಮಿ ಬೀಳೋ ಹಾಗಿಲ್ಲ. ಕರೆಂಟಿಲ್ಲ, ಬಟ್ಟೆ ಬಂದಿಲ್ಲ ಅಂತ ಅವರೇ ಕೂರಿಸಿದರೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತೆ."

ಹದಿನೈದು ದಿನಕ್ಕೆ ಇನ್‌ಸ್ಪೆಕ್ಟರ್ ಶೆಡ್ಡಿಗೆ ಬಂದರು. ಮಾಲೀಕರು ಎಳನೀರು ತರಿಸಿದರು, ಕೇಳುವ ಮೊದಲೇ ಪುಸ್ತಕಗಳನ್ನು ಹರಡಿದರು. ಹಿಂದಿನ ತಿಂಗಳು ಗುರುಮಲ್ಲಮ್ಮನಿಗೆ ಕೊಟ್ಟದ್ದು ಸಾವಿರದ ಎಂಟುನೂರ ಎಪ್ಪತ್ತೆರಡು. ಹಾಜರಿ ಪುಸ್ತಕದಲ್ಲಿ ಅವಳು ಬಂದ ದಿನ ಹತ್ತೊಂಬತ್ತು.

"ಭಾಗಿಸಿ ನೋಡಿ ಸಾರ್, ದಿನಕ್ಕೆ ತೊಂಬತ್ತೆಂಟೂವರೆ. ಸರ್ಕಾರ ಹೇಳಿದ್ದಕ್ಕಿಂತ ಜಾಸ್ತೀನೇ. ಪಾಪ, ಈಯಮ್ಮನಿಗೆ ರಜಾ ಸ್ವಲ್ಪ ಹೆಚ್ಚು."

ಕೂಲಿ ಹೆಚ್ಚಿಸುವ ಬದಲು ದಿನ ಇಳಿಸುವ ಈ ವಿದ್ಯೆಗೆ ಯಾರಾದರೂ ಶಾಲು ಹೊದಿಸಬೇಕಿತ್ತು. ಗುರುಮಲ್ಲಮ್ಮ ಬಂದಿದ್ದದ್ದು ಇಪ್ಪತ್ತಾರು ದಿನ. ಕೂಲಿ ಪುಸ್ತಕದಲ್ಲಿ ಹತ್ತೊಂಬತ್ತರ ಮುಂದೆ ಅವಳದೇ ಸಹಿ. ಸಹಿ ಹಾಕುವಾಗ ದಿನದ ಲೆಕ್ಕದ ಜಾಗ ಖಾಲಿಯಿತ್ತು ಎಂದು ಈಗ ಹೇಳಿದರೆ ಕೇಳುವವರು ಯಾರು?

"ನೀವು ಬಂದಿದ್ದಕ್ಕೆ ಬೇರೆ ಏನಾದರೂ ಬರಹ ಇದೆಯಾ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಅವಳು ಬಾಗಿಲ ಬಳಿ ನಿಂತಿದ್ದ ಮರಿಮಲ್ಲಪ್ಪನ ಕಡೆ ತಿರುಗಿದಳು. "ಅಣ್ಣ, ಸೂಜಿ ಪುಸ್ತಕ ತತ್ತಾ."

ಮಾಲೀಕರು ಕೆಮ್ಮಿದರು, ಕಣ್ಣು ಬಿಟ್ಟರು. ಮರಿಮಲ್ಲಪ್ಪನಿಗೆ ಅದು ಹೊಳೆಯಲಿಲ್ಲ. ಸರ್ಕಾರದವರೂ ತನ್ನ ಅಕ್ಷರ ನೋಡಲಿ ಎಂಬ ಆಸೆಗೆ ಎರಡೂ ಕೈಯಲ್ಲಿ ಪುಸ್ತಕ ತಂದಿಟ್ಟ. "ಒಂದು ಚೂರೂ ತಪ್ಪಿಲ್ಲ ಸಾರ್, ಗಂಟೆ ಸಮೇತ ಬರ್ದಿವ್ನಿ."

ಅವಳ ಏಳು 'ರಜೆ'ಗಳಲ್ಲಿ ಆರು ದಿನ ಅವಳು ಸೂಜಿ ಮುರಿದಿದ್ದಳು. ಚೂರು, ತಾರೀಕು, ಸಹಿ, ಎಲ್ಲವೂ ಟೇಪಿನಡಿ ಮಿನುಗುತ್ತಿದ್ದವು. ಇನ್‌ಸ್ಪೆಕ್ಟರ್ ಮಾಲೀಕರನ್ನು ಕೇಳಿದರು: "ರಜೆ ಹಾಕಿ ಮನೆಯಲ್ಲಿ ಕೂತು ನಿಮ್ಮ ಸೂಜಿ ಮುರಿದರಾ?"

ಇಪ್ಪತ್ತೈದು ದಿನಕ್ಕೆ ತೊಂಬತ್ತಾರರಂತೆ ಎರಡು ಸಾವಿರದ ನಾಲ್ಕುನೂರು. ಕೊಟ್ಟದ್ದು ಕಳೆದು ಐನೂರ ಇಪ್ಪತ್ತೆಂಟು ರೂಪಾಯಿಯನ್ನು ಮಾಲೀಕರು ಅಲ್ಲೇ ಎಣಿಸಿದರು. ಸೂಜಿ ಮುರಿಯದ ಆ ಏಳನೇ ದಿನಕ್ಕೂ, ಹಿಂದಿನ ತಿಂಗಳುಗಳಿಗೂ ಆರು ತಿಂಗಳೊಳಗೆ ಅರ್ಜಿ ಹಾಕಿದರೆ ವಿಚಾರಣೆ ನಡೆಯುತ್ತದೆಂದು ಇನ್‌ಸ್ಪೆಕ್ಟರ್ ತಿಳಿಸಿದರು. ಆ ಒಂದು ದಿನ ಅಷ್ಟು ಜೋಪಾನವಾಗಿ ಯಾಕೆ ಹೊಲಿದೆನೋ ಎಂದು ಗುರುಮಲ್ಲಮ್ಮ ಹೊಟ್ಟೆ ಉರಿಸಿಕೊಂಡಳು.

ಹೆಂಗಸರೆಲ್ಲ ಸೂಜಿ ಪುಸ್ತಕಕ್ಕೆ ಮುಗಿಬಿದ್ದರು. ಸೊಂಟಪಟ್ಟಿ ಹೊಲಿಯುವ ಹಿರಿಯಳು ಚಿಕ್ಕನಿಂಗಮ್ಮ ಮಾತ್ರ ಹಿಂದೆ ನಿಂತಳು. ಎಂಟು ವರ್ಷದಲ್ಲಿ ಒಂದೂ ಸೂಜಿ ಮುರಿಯದವಳು. ಅದಕ್ಕಾಗಿ ಯುಗಾದಿಗೆ ಸ್ಟೀಲ್ ಲೋಟ ಬಹುಮಾನ ಪಡೆದವಳು. ಹಾಜರಿಯಲ್ಲಿ ಅವಳಿಗೂ ಎಂಟು ರಜೆ ಬಿದ್ದಿದ್ದವು. ಸೂಜಿ ಪುಸ್ತಕದಲ್ಲಿ ಹುಡುಕಿದರೆ ಅವಳು ಎಂಟು ವರ್ಷದಿಂದ ಕೆಲಸಕ್ಕೇ ಬಂದಿರಲಿಲ್ಲ.

"ನಾನು ಸಾಕ್ಷಿ ಹೇಳ್ತೀನಿ ಕಣಕ್ಕ, ಅರ್ಜಿ ಹಾಕನ," ಎಂದಳು ಗುರುಮಲ್ಲಮ್ಮ. ಚಿಕ್ಕನಿಂಗಮ್ಮ ಹೂಂ ಎಂದು ತಲೆಯಾಡಿಸಿದಳು.

ಮಾರನೇ ಬೆಳಿಗ್ಗೆ ಮಿಷನ್ನುಗಳು ಶುರುವಾದ ಐದೇ ನಿಮಿಷಕ್ಕೆ ಚಿಕ್ಕನಿಂಗಮ್ಮ ಮರಿಮಲ್ಲಪ್ಪನ ಮೇಜಿನ ಮುಂದೆ ನಿಂತಳು. ಅಂಗೈಯಲ್ಲಿ ಎರಡು ಚೂರಿದ್ದವು.

"ಮುರ್ದೋಯ್ತು ಕಣಪ್ಪ," ಎಂದಳು. "ತಾರೀಕು ಚೆನ್ನಾಗಿ ಕಾಣಂಗೆ ಬರಿ."

ಅವಳ ಹಿಂದೆ ಆಗಲೇ ಹನ್ನೊಂದು ಹೆಂಗಸರು ಸಾಲುಗಟ್ಟಿದ್ದರು.